ತಾಯಿಯ ಹೊಟ್ಟು ಬೇರೆ, ಮಗನ ಹೊಟ್ಟು ಬೇರೆ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾನು ಗದಗ-ಬೆಟಗೇರಿಯವಳು, ವಯಸ್ಸು 33. ಎರಡು ವರ್ಷದಿಂದ ತಲೆಯಲ್ಲಿ ಹೊಟ್ಟು, ವಿಪರೀತ ತುರಿಕೆ. ಚಳಿಗಾಲದಲ್ಲಿ ಹೆಚ್ಚಾಗುತ್ತದೆ. ಹುಬ್ಬಿನಲ್ಲಿಯೂ ಮೂಗಿನ ಪಕ್ಕದಲ್ಲಿಯೂ ಕೆಂಪಾಗಿ ಸಿಪ್ಪೆ ಏಳುತ್ತದೆ. ಈಗ ಎರಡು ತಿಂಗಳಿಂದ ಆರು ವರ್ಷದ ಮಗನ ತಲೆಯಲ್ಲೂ ಹೊಟ್ಟು ಕಾಣಿಸುತ್ತಿದೆ. ಎರಡು ಕಡೆ ರೂಪಾಯಿ ಅಗಲಕ್ಕೆ ಕೂದಲು ತೆಳ್ಳಗಾಗಿದೆ. ನನ್ನಿಂದಲೇ ಅವನಿಗೆ ಹತ್ತಿತೇ? ಇಬ್ಬರಿಗೂ ಹೊಟ್ಟಿನ ಶಾಂಪೂ ಹಾಕುತ್ತೇನೆ, ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಔಷಧ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದಾಗ ಮಗನ ತುರಿಕೆ ನಿಂತಿತ್ತು, ಬಿಟ್ಟ ಮೇಲೆ ಮತ್ತೆ ಬಂತು. ಬೋರ್ ನೀರೇ ಕಾರಣ, ಮಗುವಿನ ತಲೆ ಬೋಳಿಸಿಬಿಡಿ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಮಗನ ವಿಷಯ ಮಾತನಾಡೋಣ. ನಿಮ್ಮ ತೊಂದರೆ ಇನ್ನೊಂದು ತಿಂಗಳು ಕಾದರೂ ನಡೆಯುತ್ತದೆ, ಅವನದು ಕಾಯುವಂಥದ್ದಲ್ಲ. ನೀವು ಬರೆದಿರುವ ವಿವರ ನೋಡಿದರೆ ಅವನ ತಲೆಯಲ್ಲಿರುವುದು ಹೊಟ್ಟೇ ಅಲ್ಲ, ಕೂದಲಿಗೆ ತಗುಲಿದ ಶಿಲೀಂಧ್ರದ ಸೋಂಕು ಎಂದು ನನ್ನ ಬಲವಾದ ಅನುಮಾನ. ಮೈಮೇಲೆ ಬಂದರೆ ನಮ್ಮಲ್ಲಿ ಹುಳುಕಡ್ಡಿ ಅಥವಾ ಗಜಕರ್ಣ ಎನ್ನುತ್ತೇವಲ್ಲ, ಅದೇ ಜಾತಿಯ ಸೋಂಕು ತಲೆಗೆ ಬಂದಿರುವುದು. ವೈದ್ಯರು ಇದನ್ನು ಟೀನಿಯಾ ಕ್ಯಾಪಿಟಿಸ್ ಎಂದು ಬರೆಯುತ್ತಾರೆ. ನಿಮ್ಮ ಹೊಟ್ಟಿನಿಂದ ಅವನಿಗೆ ಇದು ಹತ್ತಿಲ್ಲ. ನಿಮ್ಮ ಹೊಟ್ಟು ಯಾರಿಗೂ ಹತ್ತುವುದಿಲ್ಲ. ಆದರೆ ಅವನದು ಇನ್ನೊಂದು ಮಗುವಿಗೆ ಹತ್ತುತ್ತದೆ.

ನೋಡದೆಯೇ ಇಷ್ಟು ಗಟ್ಟಿಯಾಗಿ ಹೇಳಲು ಮೊದಲ ಕಾರಣ ಅವನ ವಯಸ್ಸು. ಹೊಟ್ಟು ಹುಟ್ಟಬೇಕಾದರೆ ತಲೆಯ ಚರ್ಮದಲ್ಲಿ ಜಿಡ್ಡು ಬೇಕು. ಆ ಜಿಡ್ಡನ್ನು ಸ್ರವಿಸುವ ಗ್ರಂಥಿಗಳು ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯ ಹಾರ್ಮೋನುಗಳ ಪ್ರಭಾವದಿಂದ ಚುರುಕಾಗಿರುತ್ತವೆ. ಅದಕ್ಕೇ ಹಸುಗೂಸುಗಳ ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುವುದು. ಆಮೇಲೆ ಅವು ಮಲಗಿಬಿಡುತ್ತವೆ. ಮತ್ತೆ ಏಳುವುದು ಮಗು ಪ್ರಾಯಕ್ಕೆ ಹತ್ತಿರವಾದಾಗ. ನಡುವಿನ ವರ್ಷಗಳಲ್ಲಿ, ಅಂದರೆ ಅಂಗನವಾಡಿಗೆ ಹೋಗುವ ವಯಸ್ಸಿನಿಂದ ನಾಲ್ಕನೇ ಇಯತ್ತೆಯವರೆಗೆ, ನಿಜವಾದ ಹೊಟ್ಟು ಅಪರೂಪ. ಈ ವಯಸ್ಸಿನ ಮಗುವಿನ ತಲೆಯಲ್ಲಿ ಸಿಪ್ಪೆ ಏಳುತ್ತಿದೆ, ಜೊತೆಗೆ ಕೂದಲೂ ಹೋಗುತ್ತಿದೆ ಎಂದರೆ, ಬೇರೆಯದೆಂದು ಸಾಬೀತಾಗುವ ತನಕ ಅದನ್ನು ಶಿಲೀಂಧ್ರ ಎಂದೇ ಹಿಡಿಯಬೇಕು. ನಮ್ಮ ವಿಭಾಗಕ್ಕೆ ಬರುವ ಕಿರಿಯ ವೈದ್ಯರಿಗೆ ನಾನು ಮೊದಲ ವಾರದಲ್ಲೇ ಹೇಳಿಕೊಡುವ ಮಾತು ಇದು.

ಎರಡನೆಯ ಕಾರಣ, ಕೂದಲು ತೆಳುವಾದ ಆ ಎರಡು ಜಾಗಗಳು. ನಾಳೆ ಬೆಳಿಗ್ಗೆ ಮಗನನ್ನು ಬಾಗಿಲ ಬಳಿ ಬಿಸಿಲಿಗೆ ಕೂರಿಸಿಕೊಂಡು ಆ ಜಾಗವನ್ನು ಹತ್ತಿರದಿಂದ ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಕೂದಲು ಬುಡಸಮೇತ ಉದುರಿದೆಯೋ, ಮುರಿದಿದೆಯೋ ಎಂಬುದನ್ನು ಗಮನಿಸಿ. ಶಿಲೀಂಧ್ರವಾಗಿದ್ದರೆ ಅಲ್ಲಿ ನುಣುಪಾದ ಬೋಳು ಇರುವುದಿಲ್ಲ. ಮುಟ್ಟಿದರೆ ಒರಟಾಗಿರುತ್ತದೆ. ಕೆಲವು ಕೂದಲು ಚರ್ಮದ ಮಟ್ಟಕ್ಕೇ ಮುರಿದು, ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಾಗಿ ಉಳಿದಿರುತ್ತವೆ. ಕೆಲವು ಎರಡು ಮೂರು ಮಿಲಿಮೀಟರ್ ಬೆಳೆದು ಅಲ್ಪವಿರಾಮದ ಗುರುತಿನಂತೆ ಬಾಗಿರುತ್ತವೆ. ಚಿಮುಟದಿಂದ ಅಂಥ ಕೂದಲನ್ನು ಹಿಡಿದು ಎಳೆದರೆ ನೋವಿಲ್ಲದೆ ಕೈಗೆ ಬರುತ್ತದೆ. ಜೊತೆಗೆ ಅವನ ಕುತ್ತಿಗೆಯ ಹಿಂಭಾಗದಲ್ಲಿ, ಕೂದಲು ಶುರುವಾಗುವ ಅಂಚಿನಲ್ಲಿ, ಬೆರಳಾಡಿಸಿ. ಅಲ್ಲಿ ಕಡಲೆ ಗಾತ್ರದ ಗಂಟುಗಳು ಸಿಕ್ಕರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಹೇನು ತುಂಬಿದ ತಲೆಯಲ್ಲೂ ಇಂಥ ಗಂಟು ಏಳುತ್ತದೆ, ಆದ್ದರಿಂದ ಸೀರು ಇದೆಯೇ ಎಂದು ನೋಡಿಬಿಡಿ. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಎಳೆದರೂ ಸುಲಭವಾಗಿ ಜಾರುವುದಿಲ್ಲ. ಹೊಟ್ಟು ಊದಿದರೆ ಹಾರುತ್ತದೆ.

ಈಗ ನಿಮ್ಮ ತಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಎರಡು ವರ್ಷ ತುರಿಸಿಕೊಂಡರೂ ನಿಮಗೆ ಒಂದು ಕಡೆಯೂ ಕೂದಲು ಮುರಿದು ಬೋಳಾಗಿಲ್ಲ. ಬಾಚಿದಾಗ ನಾಲ್ಕು ಕೂದಲು ಹೆಚ್ಚಿಗೆ ಉದುರಿರಬಹುದು, ಅದು ಮತ್ತೆ ಬರುತ್ತದೆ. ನಿಮ್ಮ ಕಾಯಿಲೆ ಚರ್ಮದ ಮೇಲ್ಪದರದಲ್ಲಿದೆ, ಮಗನದು ಕೂದಲಿನ ಒಳಗೆ. ಹೊರಗಿನಿಂದ ಎರಡೂ ಬಿಳಿ ಸಿಪ್ಪೆಯಾಗಿ ಕಾಣುವುದರಿಂದ ಎರಡಕ್ಕೂ ನಾವು ಹೊಟ್ಟು ಎಂಬ ಒಂದೇ ಹೆಸರು ಇಡುತ್ತೇವೆ, ಒಂದೇ ಬಾಟಲಿಯ ಶಾಂಪೂ ಹಾಕುತ್ತೇವೆ. ತಿಂಗಳುಗಟ್ಟಲೆ ಕಳೆದುಹೋಗುವುದು ಇಲ್ಲಿಯೇ.

ಶಾಂಪೂ ಮಗನಿಗೆ ಏಕೆ ಸಾಲುವುದಿಲ್ಲ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಒಮ್ಮೆ ನೋಡಿದವರು ಮರೆಯುವುದಿಲ್ಲ. ಮುರಿದ ಒಂದು ಕೂದಲನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ, ತುಸು ಬೆಚ್ಚಗೆ ಮಾಡುತ್ತೇವೆ. ಕೂದಲು ಮೆತ್ತಗಾಗಿ ಪಾರದರ್ಶಕವಾಗುತ್ತದೆ. ಆಗ ಒಳಗೆ ದುಂಡಗಿನ ಬೀಜಕಣಗಳು ಒಂದಕ್ಕೊಂದು ಒತ್ತಿಕೊಂಡು ತುಂಬಿರುವುದು ಕಾಣುತ್ತದೆ, ಜೋಳವನ್ನು ಬಾಯಿಯ ತನಕ ತುಂಬಿ ಹೊಲಿದ ಚೀಲದಂತೆ. ಕೂದಲಿನ ಗಟ್ಟಿ ಪದಾರ್ಥವನ್ನೇ ಅದು ತಿಂದು ಪೊಳ್ಳು ಮಾಡಿರುತ್ತದೆ. ಅದಕ್ಕೇ ಕೂದಲು ಹೊರಗೆ ಬರುತ್ತಿದ್ದಂತೆಯೇ ಮುರಿಯುವುದು. ನಮ್ಮ ದೇಶದ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಸಿಗುವ ಟ್ರೈಕೊಫೈಟಾನ್ ವಯೋಲೇಸಿಯಂ ಎಂಬ ಶಿಲೀಂಧ್ರ ಹೀಗೆ ಕೂದಲಿನ ಒಳಗೇ ಬದುಕುವಂಥದ್ದು. ತಲೆಯ ಮೇಲೆ ಐದು ನಿಮಿಷ ಇದ್ದು ತೊಳೆದುಹೋಗುವ ಶಾಂಪೂ ಆಗಲಿ, ದಿನವಿಡೀ ಹಚ್ಚಿಕೊಂಡಿರುವ ಮುಲಾಮಾಗಲಿ, ಚರ್ಮದೊಳಗೆ ಕೂದಲು ಹುಟ್ಟುವ ಆಳಕ್ಕೆ ಇಳಿಯುವುದಿಲ್ಲ. ಅಲ್ಲಿಗೆ ಔಷಧ ಮುಟ್ಟಬೇಕಾದರೆ ಅದು ರಕ್ತದ ಮೂಲಕವೇ ಹೋಗಬೇಕು. ಎಂದರೆ ಮಾತ್ರೆ ಅಥವಾ ಸಿರಪ್, ವಾರಗಟ್ಟಲೆ.

ನೀವು ಹಚ್ಚಿದ ಮುಲಾಮಿನ ಬಗ್ಗೆ ನನಗೆ ಕಳವಳವಿದೆ. ಅದರ ಟ್ಯೂಬ್ ಇನ್ನೂ ಮನೆಯಲ್ಲಿದ್ದರೆ ತೆಗೆದು ಹೆಸರುಗಳನ್ನು ಓದಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಯಾವುದಾದರೂ ಪದ ಇದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಿಶ್ರ ಮುಲಾಮುಗಳಲ್ಲಿ ಸ್ಟಿರಾಯ್ಡ್, ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಮೂರೂ ಸೇರಿರುತ್ತವೆ. ಸ್ಟಿರಾಯ್ಡ್ ಮಾಡುವುದು ಇಷ್ಟೇ: ಸೋಂಕಿನ ವಿರುದ್ಧ ದೇಹ ಎಬ್ಬಿಸಿದ ಉರಿಯನ್ನು ಅಡಗಿಸುತ್ತದೆ. ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ, ಸಿಪ್ಪೆ ಕಡಿಮೆಯಾಗುತ್ತದೆ. ತಾಯಿಗೆ ಗುಣವಾಯಿತು ಎನಿಸುತ್ತದೆ. ಒಳಗೆ ಶಿಲೀಂಧ್ರಕ್ಕೆ ಅಡ್ಡಿ ಮಾಡುವವರು ಯಾರೂ ಇಲ್ಲದೆ ಅದು ಹರಡುತ್ತದೆ. ಹಚ್ಚಿದಾಗ ಕಡಿಮೆಯಾಗಿ, ಬಿಟ್ಟ ಕೂಡಲೇ ಮರಳಿ ಬಂತು ಎಂದು ನೀವು ಬರೆದ ಸಾಲು ಇದೇ ಕಥೆಯನ್ನು ಹೇಳುತ್ತದೆ. ಅದನ್ನು ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಕೆಲವು ದಿನ ಕೆಂಪು, ತುರಿಕೆ ಹೆಚ್ಚಾಗಬಹುದು, ಗಾಬರಿಯಾಗಬೇಡಿ. ವೈದ್ಯರಲ್ಲಿಗೆ ಹೋಗುವಾಗ ಆ ಟ್ಯೂಬನ್ನು ತಪ್ಪದೆ ಒಯ್ಯಿರಿ.

ಕೆಲವು ವರ್ಷಗಳ ಹಿಂದೆ ನವಲಗುಂದ ತಾಲ್ಲೂಕಿನ ಹಳ್ಳಿಯಿಂದ ಎಂಟು ವರ್ಷದ ಒಬ್ಬ ಹುಡುಗನನ್ನು ಹುಬ್ಬಳ್ಳಿಗೆ ನನ್ನ ಬಳಿ ಕರೆತಂದಿದ್ದರು. ಕಡಲೆ ಕೀಳುವ ದಿನಗಳು, ಅಪ್ಪ ಕೆಲಸ ಬಿಟ್ಟು ಬಂದಿದ್ದರು. ಅವನಿಗೂ ಮೊದಲು ಶುರುವಾದದ್ದು ಹೊಟ್ಟಿನಿಂದಲೇ. ಮೂರು ತಿಂಗಳು ಮಿಶ್ರ ಮುಲಾಮು ಹಚ್ಚಿದ್ದರು. ಆಮೇಲೆ ನೆತ್ತಿಯ ಮೇಲೆ ನಿಂಬೆಹಣ್ಣಿನ ಹೋಳಿನಷ್ಟು ಊತ ಬಂದು, ಒತ್ತಿದರೆ ಮೆತ್ತಗೆ, ಅಲ್ಲಲ್ಲಿ ಕೀವು ಜಿನುಗುತ್ತಿತ್ತು. ಎಲ್ಲೋ ತೋರಿಸಿದಾಗ ಕುರು ಎಂದು ತಿಳಿದು ಬ್ಲೇಡಿನಿಂದ ಕೊಯ್ದಿದ್ದರು. ಎರಡು ಸುತ್ತು ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಕೊಯ್ದಾಗ ಹೆಚ್ಚೇನೂ ಕೀವು ಬಂದಿರಲಿಲ್ಲ, ಬರುವುದೂ ಇಲ್ಲ. ಏಕೆಂದರೆ ಅದು ಕುರುವಲ್ಲ. ಕೂದಲೊಳಗಿನ ಶಿಲೀಂಧ್ರದ ಮೇಲೆ ದೇಹವೇ ಮಾಡಿದ ದೊಡ್ಡ ದಾಳಿ. ಇದಕ್ಕೆ ಕೆರಿಯಾನ್ ಎನ್ನುತ್ತಾರೆ. ಊತದ ಮೇಲೆ ನಿಂತಿದ್ದ ಕೂದಲನ್ನು ನಾನು ಚಿಮುಟದಿಂದ ಹಿಡಿದರೆ, ನೆನೆದ ಮಣ್ಣಿನಿಂದ ಹುಲ್ಲು ಬಂದಂತೆ ಬಂತು, ಹುಡುಗ ಮುಖವನ್ನೂ ಕಿವುಚಲಿಲ್ಲ. ಶಿಲೀಂಧ್ರದ ಮಾತ್ರೆ ಶುರುಮಾಡಿದೆವು. ಎರಡು ತಿಂಗಳಲ್ಲಿ ಊತ ಪೂರ್ತಿ ಇಳಿಯಿತು, ಸುತ್ತಲೂ ಕೂದಲು ಬಂತು. ನಡುವೆ ಒಂದು ಜಾಗದಲ್ಲಿ ಮಾತ್ರ ಚರ್ಮ ಗಾಯದ ಕಲೆಯಾಗಿ ಹೊಳೆಯುತ್ತಾ ಉಳಿಯಿತು. ಅಲ್ಲಿ ಕೂದಲಿನ ಬೇರುಗಳೇ ಸತ್ತುಹೋಗಿದ್ದವು, ಇನ್ನು ಅಲ್ಲಿ ಕೂದಲು ಬರುವುದಿಲ್ಲ. ನಿಮ್ಮ ಮಗನ ವಿಷಯದಲ್ಲಿ ನಾನು ಅವಸರ ಮಾಡುತ್ತಿರುವುದು ಆ ಹುಡುಗನ ನೆನಪಿನಿಂದ. ಈಗಿರುವ ಸ್ಥಿತಿಯಲ್ಲೇ ಔಷಧ ಶುರುವಾದರೆ ಅವನ ಕೂದಲು ಪೂರ್ತಿಯಾಗಿ ಮರಳುತ್ತದೆ.

ಹಾಗಾದರೆ ಎಲ್ಲಿ, ಹೇಗೆ ತೋರಿಸಬೇಕು? ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ಹತ್ತಿರ. ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಗೆ ಬಂದರೂ ಆದೀತು. ಚರ್ಮರೋಗ ವಿಭಾಗದಲ್ಲಿ, ಮಗುವಿನ ತಲೆಯ ಮಾದರಿ ತೆಗೆದು ಫಂಗಸ್ ಪರೀಕ್ಷೆ ಮಾಡಬೇಕೆಂದು ಕೇಳಿ. ಮೊಂಡ ಬ್ಲೇಡಿನಿಂದ ಸಿಪ್ಪೆ ಕೆರೆದು, ಮುರಿದ ಕೂದಲು ನಾಲ್ಕೈದನ್ನು ಕಿತ್ತುಕೊಳ್ಳುತ್ತಾರೆ. ಮಗುವಿಗೆ ಇದು ನೋಯುವುದಿಲ್ಲ. ಮೊದಲೇ ಹೇಳಿ ಧೈರ್ಯ ಕೊಟ್ಟು ಕರೆದೊಯ್ಯಿರಿ. ನಾನು ಹೇಳಿದ ಹನಿ ಹಾಕಿ ನೋಡುವ ಪರೀಕ್ಷೆಯ ಫಲಿತಾಂಶ ಅದೇ ದಿನ ಸಿಗಬಹುದು. ಶಿಲೀಂಧ್ರವನ್ನು ಬೆಳೆಸಿ ಜಾತಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಎರಡರಿಂದ ನಾಲ್ಕು ವಾರ ಬೇಕು. ಅದು ಬರುವ ತನಕ ಕಾಯದೆ, ಲಕ್ಷಣಗಳು ಸ್ಪಷ್ಟವಿದ್ದರೆ ವೈದ್ಯರು ಔಷಧ ಶುರು ಮಾಡುತ್ತಾರೆ.

ಒಂದು ಎಚ್ಚರಿಕೆ. ಹೋಗುವ ಮೂರು ನಾಲ್ಕು ದಿನ ಮೊದಲಿನಿಂದ ಮಗನ ತಲೆಗೆ ಎಣ್ಣೆ, ಮುಲಾಮು, ಹೊಟ್ಟಿನ ಶಾಂಪೂ ಯಾವುದೂ ಬೇಡ. ಶಿಗ್ಗಾಂವಿಯಿಂದ ಬಂದ ಒಬ್ಬ ಹುಡುಗಿಯ ತಲೆಯ ತುಂಬ ಎಣ್ಣೆ ಇತ್ತು, ಹಿಂದಿನ ದಿನವೇ ಶಿಲೀಂಧ್ರದ ಮುಲಾಮನ್ನೂ ಹಚ್ಚಿದ್ದರು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಕಪ್ಪು ಚುಕ್ಕೆಗಳು ಕಣ್ಣಿಗೆ ಹೊಡೆಯುತ್ತಿದ್ದವು, ಆದ್ದರಿಂದ ನಾನು ವರದಿಯನ್ನು ನಂಬಲಿಲ್ಲ. ಹತ್ತು ದಿನ ಬಿಟ್ಟು ಒಣ ತಲೆಯಿಂದ ಮತ್ತೆ ಮಾದರಿ ತೆಗೆದಾಗ ಸಿಕ್ಕಿತು. ವರದಿಯಲ್ಲಿ ಇಲ್ಲ ಎಂದು ಬಂದ ಮಾತ್ರಕ್ಕೆ ಸೋಂಕು ಇಲ್ಲವೆಂದಲ್ಲ, ಕೂದಲು ಮುರಿದಿದ್ದರೆ ಇನ್ನೊಮ್ಮೆ ಕೇಳಿ. ಹಾಗೆಯೇ ಕತ್ತಲೆ ಕೋಣೆಯಲ್ಲಿ ನೇರಳೆ ಬೆಳಕು ಬಿಟ್ಟು ನೋಡಿ, ಹಸಿರು ಹೊಳೆಯಲಿಲ್ಲ, ಹಾಗಾಗಿ ಫಂಗಸ್ ಇಲ್ಲ ಎಂದು ಯಾರಾದರೂ ಹೇಳಿದರೂ ಅಲ್ಲಿಗೆ ಬಿಡಬೇಡಿ. ಬೆಕ್ಕು, ನಾಯಿಮರಿಗಳಿಂದ ಬರುವ ಮೈಕ್ರೋಸ್ಪೋರಂ ಜಾತಿ ಆ ಬೆಳಕಿಗೆ ಹೊಳೆಯುತ್ತದೆ, ಕೂದಲಿನ ಒಳಗೆ ಕೂರುವ ನಮ್ಮ ಟ್ರೈಕೊಫೈಟಾನ್ ಹೊಳೆಯುವುದಿಲ್ಲ.

ಔಷಧಗಳಲ್ಲಿ ಎರಡು ಮುಖ್ಯ. ಗ್ರೈಸಿಯೊಫಲ್ವಿನ್ ಹಳೆಯದು, ಮಕ್ಕಳಲ್ಲಿ ಬಹುಕಾಲದಿಂದ ಬಳಸುತ್ತಿರುವುದು. ಸಾಮಾನ್ಯವಾಗಿ ಮಗುವಿನ ತೂಕದ ಪ್ರತಿ ಕಿಲೊಗೆ ದಿನಕ್ಕೆ 15ರಿಂದ 20 ಮಿಲಿಗ್ರಾಂ, ಆರರಿಂದ ಎಂಟು ವಾರ. ನಿಮ್ಮ ಮಗ 18 ಕಿಲೊ ಇದ್ದಾನೆ ಎಂದುಕೊಂಡರೆ ದಿನಕ್ಕೆ ಸುಮಾರು 270ರಿಂದ 360 ಮಿಲಿಗ್ರಾಂ ಆಯಿತು. ಈ ಲೆಕ್ಕ ಹೇಳುತ್ತಿರುವುದು ನೀವೇ ತಂದು ಕೊಡಲಿ ಎಂದಲ್ಲ, ತೂಕ ನೋಡದೆ ಅಂದಾಜಿನಲ್ಲಿ ಕೊಟ್ಟ ಅರೆ ಪ್ರಮಾಣದಿಂದ ವಾಸಿಯಾಗದ ಮಕ್ಕಳನ್ನು ಬಹಳ ನೋಡಿದ್ದೇನೆ, ಆದ್ದರಿಂದ. ತೂಕ ಹಾಕಿಸಿ, ವೈದ್ಯರನ್ನು ಕೇಳಿ. ಈ ಔಷಧ ಜಿಡ್ಡಿನ ಜೊತೆ ಮಾತ್ರ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿಸಿದರೆ ಬಹುಪಾಲು ವ್ಯರ್ಥ. ಊಟವಾದ ಕೂಡಲೇ, ಕೆನೆ ಹಾಲಿನೊಂದಿಗೆ ಕೊಡಿ. ರೊಟ್ಟಿಗೆ ಒಂದು ಚಮಚ ತುಪ್ಪ ಹಚ್ಚಿದರೂ ಸಾಕು. ಕೆಲವು ಮಕ್ಕಳಿಗೆ ತಲೆನೋವು, ಹೊಟ್ಟೆ ತೊಳಸುವುದು ಆಗುತ್ತದೆ, ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಇನ್ನೊಂದು ಔಷಧ ಟರ್ಬಿನಾಫಿನ್. ಟ್ರೈಕೊಫೈಟಾನ್ ಆಗಿದ್ದರೆ ಅದಕ್ಕೆ ಸಾಮಾನ್ಯವಾಗಿ ನಾಲ್ಕು ವಾರ ಸಾಕಾಗುತ್ತದೆ, ಬೆಕ್ಕಿನ ಜಾತಿಗೆ ಗ್ರೈಸಿಯೊಫಲ್ವಿನ್ ಮೇಲು. ಮನೆಯಲ್ಲಿ ಬೆಕ್ಕಿನ ಮರಿ ಇದ್ದರೆ, ಅದರ ಮೈಯಲ್ಲಿ ಕೂದಲು ಉದುರಿದ ಜಾಗಗಳಿದ್ದರೆ ವೈದ್ಯರಿಗೆ ತಿಳಿಸಿ. ಕರುವಿನ ಮೈಯಲ್ಲಿ ಹಕ್ಕಳೆ ಕಟ್ಟಿದ್ದರೆ ಅದನ್ನೂ ಹೇಳಿ, ದನಗಳಿಂದಲೂ ಒಂದು ಜಾತಿ ಬರುತ್ತದೆ.

ಎರಡು ಕಡೆ ತಪ್ಪುವ ಸಂಭವ ಹೆಚ್ಚು. ಎರಡನೇ ವಾರಕ್ಕೆ ಸಿಪ್ಪೆ ನಿಂತು ತುರಿಕೆ ಹೋಗುತ್ತದೆ, ಆಗ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಸೋಂಕಿರುವ ಕೂದಲು ಬುಡದಿಂದ ಬೆಳೆದು ಹೊರಗೆ ಹೋಗಬೇಕು, ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ ಬೆಳೆಯುತ್ತದೆ. ಬರೆದುಕೊಟ್ಟ ವಾರಗಳು ಪೂರ್ತಿಯಾಗಬೇಕು, ಕೊನೆಗೆ ಇನ್ನೊಮ್ಮೆ ಮಾದರಿ ತೆಗೆದು ನೋಡಿದರೆ ಒಳ್ಳೆಯದು. ಇನ್ನೊಂದು, ಮಾತ್ರೆ ಶುರುವಾದ ಒಂದು ವಾರದೊಳಗೆ ಕೆಲವು ಮಕ್ಕಳಿಗೆ ಕಿವಿಯ ಸುತ್ತ, ಮುಖ, ಕುತ್ತಿಗೆ, ಬೆನ್ನಿನ ಮೇಲೆ ಸಣ್ಣ ಸಣ್ಣ ತುರಿಸುವ ಗುಳ್ಳೆಗಳು ಏಳುತ್ತವೆ. ಔಷಧ ಆಗಿಬರಲಿಲ್ಲ ಎಂದು ತಾಯಂದಿರು ನಿಲ್ಲಿಸಿಬಿಡುತ್ತಾರೆ. ಬಹಳ ಸಲ ಅದು ಔಷಧದ ಅಲರ್ಜಿಯಲ್ಲ, ಸಾಯುತ್ತಿರುವ ಶಿಲೀಂಧ್ರಕ್ಕೆ ದೇಹದ ಪ್ರತಿಕ್ರಿಯೆ. ಅಂಥದ್ದು ಕಂಡರೆ ಮಾತ್ರೆ ನಿಲ್ಲಿಸುವ ಮೊದಲು ವೈದ್ಯರಿಗೆ ತೋರಿಸಿ. ತುಟಿ, ಕಣ್ಣು ಊದಿದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಮಾತ್ರ ನಿಲ್ಲಿಸಿ ಅಂದೇ ಹೋಗಿ.

ಶಾಂಪೂಗೂ ಇಲ್ಲಿ ಒಂದು ಕೆಲಸ ಇದೆ. ಕೀಟೋಕೊನಜೋಲ್ 2 ಶೇಕಡ ಶಾಂಪೂವನ್ನು ವಾರಕ್ಕೆ ಎರಡು ಸಲ ಐದು ನಿಮಿಷ ಬಿಟ್ಟು ತೊಳೆದರೆ ತಲೆಯಿಂದ ಉದುರುವ ಬೀಜಕಣಗಳು ಕಡಿಮೆಯಾಗುತ್ತವೆ, ಇನ್ನೊಬ್ಬರಿಗೆ ಹರಡುವುದು ತಗ್ಗುತ್ತದೆ. ಗುಣ ಮಾಡುವುದು ಮಾತ್ರೆಯೇ. ಮನೆಯ ಉಳಿದ ಮಕ್ಕಳ ತಲೆಯನ್ನು ಅದೇ ಬಿಸಿಲಿನಲ್ಲಿ ನೋಡಿ, ಅವರಿಗೂ ಕೆಲವು ವಾರ ಅದೇ ಶಾಂಪೂ ಹಾಕಿ. ನಿಮ್ಮ ತಲೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ದೊಡ್ಡವರಲ್ಲಿ ಈ ಸೋಂಕು ಕಡಿಮೆ, ಆದರೆ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ತಾಯಂದಿರ ತಲೆಯಲ್ಲಿ ಯಾವ ಲಕ್ಷಣವೂ ಇಲ್ಲದೆ ಕುಳಿತಿರಬಹುದು. ಅವನ ಹಣಿಗೆ, ಟೊಪ್ಪಿಗೆ, ಟವೆಲ್, ದಿಂಬು ಬೇರೆ ಇರಲಿ. ಹಳೆಯ ಹಣಿಗೆಯನ್ನು ಎಸೆದು ಹೊಸದು ತನ್ನಿ, ಬೀಜಕಣಗಳು ಅದರ ಹಲ್ಲುಗಳ ನಡುವೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕಟಿಂಗ್ ಅಂಗಡಿಯ ಮಷಿನ್‌ನಿಂದಲೂ ಇದು ಹರಡುತ್ತದೆ, ಆದ್ದರಿಂದ ಗುಣವಾಗುವ ತನಕ ಕತ್ತರಿಯಿಂದ ಮನೆಯಲ್ಲೇ ಕೂದಲು ಕತ್ತರಿಸಿ. ತಲೆ ಬೋಳಿಸುವ ಅಗತ್ಯ ಇಲ್ಲ. ಬೋಳಿಸಿದರೆ ಚರ್ಮದ ಮೇಲಿನ ಕೂದಲು ಹೋಗುತ್ತದೆ, ಸೋಂಕು ಕೆಳಗೆ ಹಾಗೆಯೇ ಇರುತ್ತದೆ. ಮೇಲಾಗಿ ಗಾಯವಾಗಬಹುದು, ಶಾಲೆಯಲ್ಲಿ ಮಗು ನಾಚಿಕೊಳ್ಳುತ್ತದೆ. ಮಾತ್ರೆ ಶುರುವಾದ ಮೇಲೆ ಶಾಲೆಗೆ ಕಳಿಸಬಹುದು. ಅವನ ಶಿಕ್ಷಕಿಗೆ ಒಂದು ಮಾತು ತಿಳಿಸಿ. ಪಕ್ಕದಲ್ಲಿ ಕೂರುವ ಮಗುವಿಗೆ ಇದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು, ಇಲ್ಲವಾದರೆ ನಿಮ್ಮ ಮಗನಿಗೆ ಮರಳಿ ಬರುತ್ತದೆ.

ಈಗ ನಿಮ್ಮ ತಲೆಗೆ ಬರೋಣ. ಹುಬ್ಬು ಮತ್ತು ಮೂಗಿನ ಪಕ್ಕದ ಮಾತು ನೀವು ಬರೆಯದೆ ಇದ್ದಿದ್ದರೆ ಬರಿಯ ಹೊಟ್ಟು ಎನ್ನುತ್ತಿದ್ದೆ. ಬರಿಯ ಹೊಟ್ಟಿನಲ್ಲಿ ಹಿಟ್ಟಿನಂತೆ ಒಣ ಪುಡಿ ಹೆಗಲ ಮೇಲೆ ಉದುರುತ್ತದೆ, ಕೆಳಗಿನ ಚರ್ಮ ಕೆಂಪಾಗಿರುವುದಿಲ್ಲ, ತಲೆ ಬಿಟ್ಟು ಬೇರೆಡೆ ಹೋಗುವುದಿಲ್ಲ. ಅದೇ ಕಾಯಿಲೆ ಇನ್ನೊಂದು ಹೆಜ್ಜೆ ಮುಂದೆ ಹೋದಾಗ ಸಿಪ್ಪೆ ತುಸು ಹಳದಿಯಾಗಿ, ಜಿಡ್ಡಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕೆಳಗೆ ಕೆಂಪು ಇರುತ್ತದೆ, ಮತ್ತು ಜಿಡ್ಡು ಹೆಚ್ಚಿರುವ ಕಡೆಗೆಲ್ಲ, ಅಂದರೆ ಹುಬ್ಬು, ಮೂಗಿನ ಮಡಿಕೆ, ಕಿವಿಯ ಹಿಂದೆ, ಕಿವಿಯ ತೂತಿನ ಬಾಯಿಗೆ ಹರಡುತ್ತದೆ. ಗಂಡಸರಾದರೆ ಮೀಸೆ, ಗಡ್ಡ, ಎದೆಯ ನಡುವೆಯೂ ಬರುತ್ತದೆ. ಇದಕ್ಕೆ ಸೆಬೊರಿಕ್ ಡರ್ಮಟೈಟಿಸ್ ಎಂಬ ಹೆಸರು. ನಿಮ್ಮದು ಇದೇ.

ಇದರಲ್ಲಿಯೂ ಶಿಲೀಂಧ್ರದ ಪಾತ್ರ ಇದೆ, ಜನರಿಗೆ ಗೊಂದಲವಾಗುವುದು ಇದರಿಂದಲೇ. ಆದರೆ ಇದು ಬೇರೆ ಜಾತಿ, ಮ್ಯಾಲಸೀಜಿಯಾ ಎಂಬ ಯೀಸ್ಟ್. ಪ್ರಾಯಕ್ಕೆ ಬಂದ ಎಲ್ಲರ ತಲೆಯ ಮೇಲೂ ಅದು ವಾಸವಾಗಿದೆ, ನನ್ನ ತಲೆಯ ಮೇಲೂ ಇದೆ. ಚರ್ಮದ ಜಿಡ್ಡನ್ನು ಒಡೆದು ತನಗೆ ಬೇಕಾದ ಕೊಬ್ಬನ್ನು ತಿಂದು, ಓಲಿಯಿಕ್ ಆಮ್ಲದಂಥ ಪದಾರ್ಥಗಳನ್ನು ಉಳಿಸಿಹೋಗುತ್ತದೆ. ಕೆಲವರ ಚರ್ಮ ಆ ಉಳಿಕೆಯನ್ನು ಸಹಿಸುತ್ತದೆ, ನಿಮ್ಮಂಥವರ ಚರ್ಮ ಸಹಿಸದೆ ಕೆರಳಿ, ತನ್ನ ಮೇಲ್ಪದರವನ್ನು ಅವಸರದಲ್ಲಿ ಕಳಚುತ್ತದೆ. ಅದೇ ನೀವು ಕಾಣುವ ಸಿಪ್ಪೆ. ಆ ಯೀಸ್ಟನ್ನು ಪೂರ್ತಿ ಓಡಿಸಲು ಆಗುವುದಿಲ್ಲ, ತಗ್ಗಿಸಿ ಇಡಬಹುದು. ಆದ್ದರಿಂದ ಇದಕ್ಕೆ ಒಮ್ಮೆಗೇ ವಾಸಿಯಾಗುವ ಔಷಧ ಇಲ್ಲ, ಹತೋಟಿಯ ಕ್ರಮ ಇದೆ. ಒಂದೇ ವಾರದಲ್ಲಿ ಶಾಶ್ವತ ಪರಿಹಾರ ಎಂಬ ಜಾಹೀರಾತುಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ.

ಹೀಗಿರುವಾಗ ದಿನವೂ ಕೊಬ್ಬರಿ ಎಣ್ಣೆ ಹಚ್ಚಿದರೆ ಏನಾಗುತ್ತದೆ ಯೋಚಿಸಿ. ಈ ಯೀಸ್ಟ್‌ಗೆ ತನ್ನ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ, ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಬೇಕಾದರೆ ಆಲಿವ್ ಎಣ್ಣೆಯಂಥದ್ದನ್ನು ಬೆರೆಸಿಯೇ ಬೆಳೆಸುತ್ತಾರೆ. ಒಣಗಿದ ತಲೆಗೆ ಎಣ್ಣೆ ಬೇಕು ಎಂದು ನಾವು ಹಚ್ಚುತ್ತೇವೆ. ಹಚ್ಚಿದಾಗ ಸಿಪ್ಪೆ ನೆನೆದು ಕಾಣದಾಗುತ್ತದೆ, ಎರಡು ದಿನ ಹಾಯೆನಿಸುತ್ತದೆ, ನಂತರ ಇನ್ನಷ್ಟು ಏಳುತ್ತದೆ. ನಮ್ಮ ಕಡೆ ಎಣ್ಣೆ ಹಚ್ಚದೆ ಹೆಣ್ಣುಮಕ್ಕಳು ಹೊರಗೆ ಹೋದರೆ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ, ನನಗೆ ಗೊತ್ತು. ಒಂದು ನಡುದಾರಿ ಹೇಳುತ್ತೇನೆ. ಸಿಪ್ಪೆ ದಪ್ಪಗೆ ಕಟ್ಟಿದ್ದರೆ ತಲೆ ಎರೆದುಕೊಳ್ಳುವ ಒಂದು ತಾಸು ಮೊದಲು ಎಣ್ಣೆ ಹಚ್ಚಿ ಮೆತ್ತಗಾಗಿಸಿ, ಆಮೇಲೆ ಪೂರ್ತಿ ತೊಳೆದುಬಿಡಿ. ಎರೆದುಕೊಂಡ ಮೇಲೆ ಬೇಕಿದ್ದರೆ ಜಡೆಯ ತುದಿಗೆ ಎರಡು ಹನಿ ಸವರಿಕೊಳ್ಳಿ. ಬುಡಕ್ಕೆ ಬೇಡ, ರಾತ್ರಿಯಿಡೀ ಇಡುವುದು ಬೇಡ. ನಿಂಬೆರಸ ಕೆರೆದ ಚರ್ಮವನ್ನು ಉರಿಸುತ್ತದೆ, ಅದೂ ಬೇಡ.

ಶಾಂಪೂವನ್ನು ಸರಿಯಾಗಿ ಹಾಕುವುದೇ ನಿಮ್ಮ ಚಿಕಿತ್ಸೆಯ ಮುಕ್ಕಾಲು ಭಾಗ. ಕೀಟೋಕೊನಜೋಲ್ 2 ಶೇಕಡದ್ದನ್ನು ತನ್ನಿ. ಹೊಟ್ಟಿನ ಶಾಂಪೂ ಎಂದು ಬರೆದ ಎಲ್ಲ ಬಾಟಲಿಗಳಲ್ಲಿ ಅದು ಇರುವುದಿಲ್ಲ, ಹಿಂಬದಿಯ ಚೀಟಿ ಓದಿ. ಉದ್ದ ಕೂದಲಿನ ಹೆಂಗಸರು ಸಾಮಾನ್ಯವಾಗಿ ಶಾಂಪೂವನ್ನು ಜಡೆಗೆ ಹಾಕಿ ನೊರೆ ಎಬ್ಬಿಸಿ ತೊಳೆದುಬಿಡುತ್ತಾರೆ, ಚರ್ಮಕ್ಕೆ ಅದು ಮುಟ್ಟುವುದೇ ಇಲ್ಲ. ತಲೆ ನೆನೆಸಿಕೊಂಡು, ಬೆರಳಿನಿಂದ ಬೈತಲೆ ಬಿಡಿಸುತ್ತಾ ಸಾಲು ಸಾಲಾಗಿ ಚರ್ಮಕ್ಕೇ ಹಚ್ಚಿ. ಉಗುರಿನಿಂದ ಕೆರೆಯಬೇಡಿ. ಐದು ನಿಮಿಷ ಹಾಗೆಯೇ ಬಿಡಿ. ಅದೇ ನೊರೆಯನ್ನು ಕಣ್ಣು ಮುಚ್ಚಿಕೊಂಡು ಹುಬ್ಬಿಗೂ ಮೂಗಿನ ಪಕ್ಕಕ್ಕೂ ಕಿವಿಯ ಹಿಂದೆಯೂ ಸವರಿಕೊಳ್ಳಿ. ಆಮೇಲೆ ತೊಳೆಯಿರಿ. ವಾರಕ್ಕೆ ಎರಡು ಸಲ, ನಡುವೆ ಮೂರು ದಿನ ಬಿಟ್ಟು, ನಾಲ್ಕು ವಾರ. ಹತೋಟಿಗೆ ಬಂದ ಮೇಲೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಮುಂದುವರಿಸಿ, ಪೂರ್ತಿ ಬಿಡಬೇಡಿ. ಚಳಿಗಾಲದಲ್ಲಿ ಚಳಿ ಎಂದು ತಲೆ ಎರೆದುಕೊಳ್ಳುವುದನ್ನು ಹತ್ತು ದಿನಕ್ಕೆ ದೂಡುತ್ತೇವೆ, ಗಾಳಿಯೂ ಒಣ, ಎಣ್ಣೆಯೂ ಹೆಚ್ಚು. ದೀಪಾವಳಿಯಿಂದ ಹೋಳಿಯವರೆಗೆ ನೀವು ವಾರಕ್ಕೊಮ್ಮೆ ತಪ್ಪಿಸದಿದ್ದರೆ ಈ ಸಲ ಚಳಿಗಾಲ ಹಗುರಾಗಿ ಕಳೆಯುತ್ತದೆ. ನಾಲ್ಕು ವಾರಕ್ಕೆ ಗುಣ ಕಾಣದಿದ್ದರೆ ಜಿಂಕ್ ಪೈರಿಥಿಯೋನ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವುದಕ್ಕೆ ಬದಲಿಸಿ ನೋಡಬಹುದು.

ತುರಿಕೆ ತಡೆಯಲಾಗದಷ್ಟು ಇದ್ದರೆ ವೈದ್ಯರು ಮೊದಲ ಒಂದೆರಡು ವಾರಕ್ಕೆ ತಲೆಗೆ ಹಚ್ಚುವ ಸ್ಟಿರಾಯ್ಡ್ ಲೋಷನ್ ಬರೆದುಕೊಡಬಹುದು. ನಿಮಗೆ ಅದು ಸರಿಯಾದ ಔಷಧ, ಮಗನಿಗೆ ಅಪಾಯದ್ದು. ಆ ಬಾಟಲಿಯನ್ನು ಅವನ ಕೈಗೆ ಮಾತ್ರವಲ್ಲ, ಅವನ ತಲೆಗೂ ಸಿಗದಂತೆ ಇಡಿ. ಮುಖಕ್ಕೆ ಆ ಲೋಷನ್ ಹಚ್ಚಬೇಡಿ, ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಮುಖಕ್ಕೆ ಕೀಟೋಕೊನಜೋಲ್ ಕ್ರೀಮ್ ಎರಡರಿಂದ ನಾಲ್ಕು ವಾರ ಸಾಕಾಗುತ್ತದೆ. ಇಷ್ಟಾದರೂ ಬಗ್ಗದೆ, ಸಿಪ್ಪೆ ಬೆಳ್ಳಿಯಂತೆ ಹೊಳೆಯುತ್ತಾ ದಪ್ಪ ತೇಪೆಗಳಾಗಿ ಹಣೆಯ ಅಂಚು ದಾಟಿ ಬಂದರೆ, ಮೊಣಕೈ ಮೊಣಕಾಲಿನಲ್ಲೂ ಕಂಡರೆ, ಅದು ಸೋರಿಯಾಸಿಸ್ ಇರಬಹುದು, ಮತ್ತೆ ತೋರಿಸಿ.

ಬೋರ್ ನೀರಿನ ಬಗ್ಗೆ ಅತ್ತೆಯವರಿಗೆ ಹೀಗೆ ಹೇಳಿ. ನಿಮ್ಮ ಭಾಗದ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಅವರು ಹೇಳುವುದರಲ್ಲಿ ಅಷ್ಟು ನಿಜವಿದೆ. ಆದರೆ ನೀರಿನಿಂದ ನಿಮ್ಮ ಕಾಯಿಲೆಯೂ ಬರುವುದಿಲ್ಲ, ಮಗನದೂ ಬರುವುದಿಲ್ಲ. ಒಂದೇ ನೀರಿನಲ್ಲಿ ಎರೆದುಕೊಳ್ಳುವ ಅವರ ತಲೆ ಚೆನ್ನಾಗಿದೆಯಲ್ಲವೇ.

ಮಗನ ತಲೆಯಲ್ಲಿ ಊತ, ಕೀವು, ಮುಟ್ಟಿದರೆ ನೋವು ಕಾಣಿಸಿಕೊಂಡರೆ ಮುಂದಿನ ವಾರ ಎನ್ನದೆ ಮರುದಿನವೇ ಬನ್ನಿ, ಯಾರಾದರೂ ಕೊಯ್ಯುತ್ತೇನೆ ಎಂದರೆ ಒಪ್ಪಬೇಡಿ. ಅದೇನೂ ಇಲ್ಲದಿದ್ದರೂ ಈ ವಾರದೊಳಗೆ ಹೊರಡಿ. ಎಣ್ಣೆಯಿಲ್ಲದ ಒಣ ತಲೆಯಲ್ಲಿ ಅವನು ಬರಲಿ, ಹಚ್ಚಿದ ಮುಲಾಮಿನ ಟ್ಯೂಬ್ ನಿಮ್ಮ ಕೈಚೀಲದಲ್ಲಿರಲಿ.